ಪಕ್ಕದ ಮನೆಯನ್ನು ಅಳಿಸಿದವನು

ಪರಶುರಾಮ ಭೂಮಂಡಲವನ್ನು ಇಪ್ಪತ್ತೊಂದು ಸಲ ಸುತ್ತಿ ಕ್ಷತ್ರಿಯರನ್ನು ಇಲ್ಲವಾಗಿಸಿದನಂತೆ. ಶಿವಪುತ್ರ ಅಷ್ಟೆಲ್ಲ ತಿರುಗಲಿಲ್ಲ. ಹಲಸೂರು ಬಜಾರಿನ ಒಂದು ಪಾತ್ರೆ ಅಂಗಡಿಯ ಮೇಲಿನ ಕೋಣೆಯಲ್ಲಿ, ಒಂದು ಕಾಲು ಅಲ್ಲಾಡುವ ಕುರ್ಚಿಯ ಮೇಲೆ ಕೂತಲ್ಲೇ ಬೆಂಗಳೂರಿನ ಪೂರ್ವ ದಿಕ್ಕಿನ ವಿದ್ಯುತ್ ಕಂಬಗಳನ್ನೆಲ್ಲ ನಿರ್ನಾಮ ಮಾಡಿದ್ದ. ಟ್ರಾನ್ಸ್‌ಫಾರ್ಮರು, ಕಸದ ರಾಶಿ, ಜೋತಾಡುವ ಕೇಬಲ್ ವಯರು, ಬೀದಿ ನಾಯಿ, ಎಳನೀರಿನ ಗಾಡಿ, ಯಾವುದೂ ಅವನ ಮೌಸಿನ ಏಟಿಗೆ ಉಳಿದದ್ದಿಲ್ಲ. ಅವು ಇದ್ದ ಜಾಗದಲ್ಲಿ ಅವನು ಹುಲ್ಲುಹಾಸು ಬೆಳೆಸುತ್ತಿದ್ದ. ಕಲಬುರಗಿಯ ಬಿಸಿಲಲ್ಲಿ ಹುಟ್ಟಿದವನಿಗೆ ಹುಲ್ಲಿನ ಮೇಲೆ ಸ್ವಲ್ಪ ಆಸೆ ಜಾಸ್ತಿಯೇ.

ಅವನ ಕಸುಬು ಇಷ್ಟು: ಕಟ್ಟುತ್ತಿರುವ ಮನೆ ಮುಗಿದ ಮೇಲೆ ಅದರ ಮುಖ ಹೇಗೆ ಕಾಣುತ್ತದೆಂದು ಕಂಪ್ಯೂಟರಿನಲ್ಲಿ ಚಿತ್ರ ಮಾಡಿಕೊಡುವುದು. ಮನೆ ಕಟ್ಟುವ ಮೇಸ್ತ್ರಿಗಳು ಅದನ್ನು ‘ಎಲಿವೇಷನ್’ ಎನ್ನುತ್ತಿದ್ದರು. ಕಟ್ಟಿಸುವ ಯಜಮಾನರು ‘ತ್ರೀಡಿ’ ಎನ್ನುತ್ತಿದ್ದರು. ಹೆಂಡತಿ ರೇವತಿ ‘ಸುಳ್ಳು’ ಎನ್ನುತ್ತಿದ್ದಳು.

ಆ ಸುಳ್ಳಿಗೆ ಒಂದು ಶಾಸ್ತ್ರವಿತ್ತು. ಪೂರ್ವದ ಹಳ್ಳಿಗಳು ಊರಾಗಿ, ಹೊಲಗಳು ಸೈಟಾಗಿ, ಸೈಟುಗಳು ಅಣ್ಣತಮ್ಮಂದಿರ ನಡುವೆ ಸೀಳಾಗಿ, ಎರಡು ಸಾವಿರದ ಆರನೇ ಇಸವಿಯ ಹೊತ್ತಿಗೆ ಶಿವಪುತ್ರನ ಮೇಜಿಗೆ ಬರುತ್ತಿದ್ದದ್ದೆಲ್ಲ ಪಟ್ಟಿ ಪಟ್ಟಿ ಜಾಗದ ಮನೆಗಳು. ಅಕ್ಕಪಕ್ಕದ ಮನೆಗಳ ನಡುವೆ ಅವು ಕಪಾಟಿಗೆ ತುರುಕಿದ ಪುಸ್ತಕದಂತೆ ಕಾಣುತ್ತಿದ್ದವು. ಆದ್ದರಿಂದ ಶಿವಪುತ್ರನ ಮೊದಲ ಸೂತ್ರ: ಪಕ್ಕದ ಮನೆಗಳನ್ನು ಅಳಿಸು, ಎರಡೂ ಕಡೆ ಆಕಾಶ ಬಿಡು. ಎರಡನೇ ಸೂತ್ರ: ಕಿಟಕಿಗಳನ್ನು ಕಿರಿದಾಗಿ, ನೆಲದಿಂದ ಸೂರಿನವರೆಗೆ ಉದ್ದಕ್ಕೆ ಎಳೆ, ನಿಂತ ಗೆರೆ ಎಷ್ಟು ಹೆಚ್ಚೋ ಮನೆ ಅಷ್ಟು ಎತ್ತರ. ಮೂರನೆಯದು ಗುಟ್ಟಿನದು. ಮನೆ ಪೂರ್ತಿ ಕಾಣಬೇಕಾದರೆ ಕ್ಯಾಮರಾ ನಲವತ್ತು ಅಡಿ ಹಿಂದೆ ನಿಲ್ಲಬೇಕು. ರಸ್ತೆ ಇರುವುದೇ ಇಪ್ಪತ್ತು ಅಡಿ. ಹಾಗಾಗಿ ಎದುರುಮನೆಯನ್ನೂ ಅಳಿಸು. ಅವನ ಚಿತ್ರದಲ್ಲಿ ಕಂಡಂತೆ ಮನೆಯನ್ನು ಕಣ್ಣಾರೆ ನೋಡಬೇಕೆಂದರೆ ಎದುರುಮನೆಯವರ ಅಡುಗೆಮನೆಯಲ್ಲಿ, ಗ್ಯಾಸ್ ಒಲೆಯ ಪಕ್ಕ ನಿಲ್ಲಬೇಕಾಗುತ್ತಿತ್ತು. ಇದನ್ನು ಅವನು ಯಾವ ಯಜಮಾನರಿಗೂ ಹೇಳಿರಲಿಲ್ಲ.

ಬಾಣಸವಾಡಿಯ ಬೈಲಪ್ಪನಿಗೂ ಹೇಳಲಿಲ್ಲ.

ಬೈಲಪ್ಪ ಬಂದದ್ದು ಮೇಸ್ತ್ರಿ ಇನಾಯತ್ ಉಲ್ಲಾನ ಜೊತೆ, ಒಂದು ಸೋಮವಾರ ಬೆಳಿಗ್ಗೆ. ಶಿವಾಜಿನಗರದ ಇನಾಯತ್ ಉಲ್ಲಾ ನಲವತ್ತು ವರ್ಷ ಗಾರೆಯಲ್ಲಿ ಬೆಂದ ಮನುಷ್ಯ. ಮೇಜಿನ ಮೇಲೆ ನಕ್ಷೆ ಹರಡಿ ಅದರ ನಾಲ್ಕು ಮೂಲೆಗೆ ನಾಲ್ಕು ಟೀ ಲೋಟ ಇಟ್ಟ.

“ಹದಿನೈದಡಿ ಅಗಲ, ನಲವತ್ತೈದು ಉದ್ದ ಭಾಯ್. ಪೂರ್ವಕ್ಕೆ ಮುಖ. ಮೂರು ಫ್ಲೋರು ಇಟ್ಟಿಗೆ ಕೆಲ್ಸ ಖತಂ. ಮೆಟ್ಟಿಲು ಹೊರಗಿಂದ, ಎಡಗಡೆ ಸೈಡಲ್ಲಿ. ಈಗ ಇವರ್ದು ಮನೆಗೆ ಒಂದು ಮುಖ ಬೇಕು. ಪ್ಲಾಸ್ಟ್ರಿಂಗ್ ಶುರು ಮಾಡ್ಬೇಕಲ್ಲ.”

“ಎತ್ತರಕ್ಕೆ ಕಾಣ್ಬೇಕು ಕಣ್ರೀ,” ಎಂದ ಬೈಲಪ್ಪ. “ತೆಂಗಿನ ಮರ ನಿಂತಂಗಿರ್ಬೇಕು. ಈಗ ಹೆಂಗೈತೆ ಗೊತ್ತಾ? ಬಸ್ಸಿನ ಸೀಟಲ್ಲಿ ನಾಲ್ಕನೆಯವನು ಅರ್ಧ ಕುಂಡಿ ಊರಿ ಕೂತಂಗೈತೆ.”

ಆಮೇಲೆ ಅಂಗಿಯ ಜೇಬಿನಿಂದ ಎಂಟು ಮಡಿಕೆಯ ಒಂದು ಹಾಳೆ ತೆಗೆದ. ಹಲ್ಲು ಕೀಳಿಸಲು ಹೋದ ಆಸ್ಪತ್ರೆಯಲ್ಲಿ, ಯಾರೂ ನೋಡದಾಗ, ಇಂಗ್ಲಿಷ್ ಪತ್ರಿಕೆಯೊಂದರಿಂದ ಹರಿದುಕೊಂಡು ಬಂದ ಹಾಳೆ. ಯಾವುದೋ ದೇಶದ ಕಟ್ಟಡ. ಅದರ ಗೋಡೆಯ ಮೇಲೆ, ನೆಲದಿಂದ ತುದಿಯವರೆಗೆ, ಗಿಡಗಳು ನಿಂತಿದ್ದವು.

“ಇದು ಬೇಕು. ನಮ್ಮಪ್ಪನ ಕಾಲಕ್ಕೆ ನಾಲ್ಕೆಕರೆ ಮಲಗಿತ್ತು. ಈಗ ಮಲಗಿಸೋಕೆ ಜಾಗ ಇಲ್ಲ. ನಿಲ್ಲಿಸ್ಬಿಡಣ.”

“ಮಾಡ್ಬಹುದು ಸಾರ್,” ಎಂದ ಇನಾಯತ್ ಉಲ್ಲಾ. “ಗೋಡೆಗೆ ನೀರು ಕುಡೀದಂಗೆ ಲೇಪ ಹೊಡೀಬೇಕು. ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಕಬ್ಬಿಣದ್ದು ಫ್ರೇಮು. ಅದಕ್ಕೆ ಸಾಲಾಗಿ ಕುಂಡ. ಮೇಲಿಂದ ಹನಿ ಹನಿ ನೀರಿನ ಪೈಪು, ಕೆಳಗೆ ನೀರು ಹಿಡಿಯೋ ದೋಣಿ. ಮೆಟ್ಟಿಲಿನ ಪಕ್ಕಕ್ಕೇ ಮೂರಡಿ ಪಟ್ಟಿ ಇಟ್ರೆ, ಮಹಡಿ ಮಹಡಿಯಲ್ಲಿ ನಿಂತು ಕೈ ಚಾಚಿದ್ರೆ ಗಿಡ ಸಿಗ್ತದೆ. ಇಲ್ದಿದ್ರೆ ಒಣಗಿದ ಎಲೆ ಕೀಳೋಕೆ ಫೈರ್ ಇಂಜಿನ್ ಕರೀಬೇಕು.”

ಶಿವಪುತ್ರ ಸೈಟಿನ ಫೋಟೋ ತೆಗೆಯಲು ಬಾಣಸವಾಡಿಗೆ ಹೋಗಬೇಕಾಗಿಯೇ ಇರಲಿಲ್ಲ. ಅವನಿದ್ದದ್ದೇ ಆ ಸೈಟಿನ ಪಕ್ಕದಲ್ಲಿ. ಬೈಲಪ್ಪನ ಅತ್ತಿಗೆ, ಅಂದರೆ ತೀರಿಹೋದ ಅಣ್ಣನ ಹೆಂಡತಿ ಚಿಕ್ಕಮುನಿಯಮ್ಮನಿಗೆ ಪಾಲಿನಲ್ಲಿ ಹಳೇ ಹೆಂಚಿನ ಮನೆ ಬಂದಿತ್ತು. ಅದರ ಹಿಂದೆ ಸಾಲಾಗಿ ನಾಲ್ಕು ಬಾಡಿಗೆ ರೂಮು. ನಾಲ್ಕನೆಯದರಲ್ಲಿ ಶಿವಪುತ್ರ ಮತ್ತು ರೇವತಿ ಆರು ವರ್ಷದಿಂದ ಇದ್ದರು. ರೂಮು ಸಣ್ಣದು, ಅಂಗಳ ದೊಡ್ಡದು. ಆ ಅಂಗಳದ ಮೂಲೆಯಲ್ಲಿ ಒಲೆ ಹೂಡಿ ರೇವತಿ ಜೋಳದ ರೊಟ್ಟಿ ತಟ್ಟುತ್ತಿದ್ದಳು. ಸುತ್ತಲಿನ ಕಟ್ಟಡಗಳಲ್ಲಿ ದುಡಿಯುವ ಬೀದರ, ಯಾದಗಿರಿ ಕಡೆಯವರೆಲ್ಲ ಮಧ್ಯಾಹ್ನ ಅಲ್ಲಿಗೇ ಬರುತ್ತಿದ್ದರು. ಬೆಂಗಳೂರಲ್ಲಿ ರೂಮು ಕೊಡುವವರು ಸಿಗುತ್ತಾರೆ. ಹೊಗೆಗೆ ಬೇಡವೆನ್ನದ ಅಂಗಳ ಕೊಡುವವರು ಚಿಕ್ಕಮುನಿಯಮ್ಮ ಒಬ್ಬಳೇ.

ಫೋಟೋದಲ್ಲಿ ಬೈಲಪ್ಪನ ಇಟ್ಟಿಗೆ ಗೋಡೆಯ ಎಡಕ್ಕೆ ಹೆಂಚಿನ ಮನೆ, ಜಗಲಿ, ಸಂದಿಯಲ್ಲಿ ತಂತಿಯ ಮೇಲೆ ಒಣಗುತ್ತಿದ್ದ ರೇವತಿಯ ಇಳಕಲ್ ಸೀರೆ, ಎಲ್ಲ ಬಿದ್ದಿತ್ತು. ಶಿವಪುತ್ರನ ಕೈ ಮೊದಲನೇ ಸೂತ್ರವನ್ನು ತಾನಾಗಿಯೇ ಪಾಲಿಸಿತು. ಮನೆ ಹೋಯಿತು. ಜಗಲಿ ಹೋಯಿತು. ಸೀರೆ ಹೋಯಿತು. ಹುಲ್ಲು ಬಂತು. ಎಸ್.ಪಿ. ರಸ್ತೆಯಲ್ಲಿ ಕೊಂಡಿದ್ದ ಒಂದು ಸೀಡಿಯಲ್ಲಿ ಚಿತ್ರಕ್ಕೆ ಅಂಟಿಸಲು ಹದಿನಾಲ್ಕು ಜನ ಇದ್ದರು, ಹದಿನಾಲ್ಕೂ ಜನ ಬಿಳಿಯರು. ಅವರಲ್ಲಿ ನಾಯಿ ಹಿಡಿದ ಒಬ್ಬ ಹೆಂಗಸನ್ನು ಆ ಹುಲ್ಲಿನ ಮೇಲೆ ವಾಕಿಂಗ್ ಬಿಟ್ಟ.

ಗಿಡಗಳ ಪಟ್ಟಿ ತೊಂದರೆ ಕೊಟ್ಟಿತು. ಎಲೆ ಎಲೆಯನ್ನೂ ನಿಜವಾಗಿ ಮಾಡಿದರೆ ಅವನ ಕಂಪ್ಯೂಟರು ಉಸಿರುಗಟ್ಟಿ ಸಾಯುತ್ತಿತ್ತು. ಅದಕ್ಕೆ ಹಲಸೂರು ಕೆರೆ ದಂಡೆಯ ಒಂದು ಪೊದೆಯ ಫೋಟೋ ತೆಗೆದು, ಅದನ್ನೇ ಕೆಳಗಿನಿಂದ ಮೇಲಕ್ಕೆ ಹನ್ನೆರಡು ಸಲ, ಸೀರೆಗೆ ಅಚ್ಚು ಹೊಡೆದಂತೆ ಒಂದರ ಮೇಲೊಂದು ಕೂರಿಸಿದ. ದೂರದಿಂದ ದಟ್ಟ ಕಾಡು.

ಬೈಲಪ್ಪ ಮುಂದೆಯೇ ಕೂತಿದ್ದಾಗ, ಕಂಪ್ಯೂಟರು ಕೊನೆಯ ರೂಪ ಬರೆಯಲೆಂದು, ಚಿತ್ರ ಬೇಯಲು ಇಟ್ಟ. ಕಪ್ಪು ಪರದೆಯ ಮೇಲೆ ಸಣ್ಣ ಚೌಕವೊಂದು ಹುಟ್ಟಿ, ತುಸು ಮನೆ ಬರೆದು, ಪಕ್ಕಕ್ಕೆ ಸರಿಯಿತು. ಮತ್ತೊಂದು ಚೌಕ. ಮತ್ತೆ ತುಸು ಮನೆ.

“ಇದು ಇಟ್ಟಿಗೆ ಇಡ್ತಾ ಐತಲ್ರೀ!” ಬೈಲಪ್ಪ ಕುರ್ಚಿಯ ತುದಿಗೆ ಬಂದ. “ನೋಡಿ ಇನಾಯತ್, ಬೀಡಿ ಸೇದಕ್ಕೆ ಒಂದ್ಸಲನೂ ಹೋಗ್ಲಿಲ್ಲ.”

ಚಿತ್ರ ಮುಗಿದಾಗ ಮಯಸಭೆಯಲ್ಲಿ ದುರ್ಯೋಧನ ನಿಂತಂತೆ ಬೈಲಪ್ಪ ಬಾಯಿ ತೆರೆದು ನಿಂತ. ಬೆಳಗಿನ ಬಿಸಿಲಲ್ಲಿ ಅವನ ಹದಿನೈದಡಿ ಮನೆ ಆಕಾಶಕ್ಕೆ ಏರಿತ್ತು. ಎಡಕ್ಕೆ ಮೆಟ್ಟಿಲು ಬೀಸಣಿಗೆಯಂತೆ ಮಡಿಚಿ ಮಡಿಚಿ ಮೇಲೇರಿತ್ತು. ಅದರ ಪಕ್ಕದಲ್ಲಿ ಹಸಿರು ಧಾರೆ. ಸುತ್ತ ಎಲ್ಲೂ ಬಾಣಸವಾಡಿಯ ಸುಳಿವೇ ಇರಲಿಲ್ಲ.

ಆರಡಿ ಅಗಲ, ಹತ್ತಡಿ ಎತ್ತರದ ಫ್ಲೆಕ್ಸಿನಲ್ಲಿ ಅದನ್ನು ಅಚ್ಚು ಹಾಕಿಸಿ ಸೈಟಿನ ಮುಂದೆ ಕಟ್ಟಿಸಿದರು. ಕೆಳಗಿನ ಮೂಲೆಯಲ್ಲಿ ಕಲಾವಿದ ತನ್ನ ಹೆಸರನ್ನೂ ಮೊಬೈಲ್ ನಂಬರನ್ನೂ ದಪ್ಪಕ್ಷರದಲ್ಲಿ ಹಾಕಿಕೊಂಡಿದ್ದ. ವಿನಾಶಕಾಲ.

ಮರುದಿನ ಬೆಳಿಗ್ಗೆ ಚಿಕ್ಕಮುನಿಯಮ್ಮ ಬಾಗಿಲಿಗೆ ನೀರು ಹಾಕಲು ಬಂದವಳು ತಲೆ ಎತ್ತಿದಳು. ಬಿಂದಿಗೆ ಕೆಳಗಿಟ್ಟಳು. ಫ್ಲೆಕ್ಸ್ ನೋಡಿದಳು. ತಿರುಗಿ ತನ್ನ ಮನೆ ನೋಡಿದಳು. ಮನೆ ಇತ್ತು. ಮತ್ತೆ ಫ್ಲೆಕ್ಸ್ ನೋಡಿದಳು. ಇರಲಿಲ್ಲ.

“ಲೋ ಬೈಲಪ್ಪಾ!”

ಬೀದಿಯ ಅರ್ಧ ಬಾಗಿಲುಗಳು ತೆರೆದವು.

“ಏನತ್ಗೆ?”

“ನನ್ನ ಮನೆ ಎಲ್ಲೋ?”

“ಅದೇ ಐತಲ್ಲ, ನಿಮ್ಮ ಬೆನ್ನ ಹಿಂದೆ.”

“ಇಲ್ಲಿ ಎಲ್ಲೋ? ಈ ಪಟದಾಗೆ? ನಿಮ್ಮಣ್ಣ ಪ್ರಾಣ ಬಿಟ್ಟ ಜಾಗದಾಗೆ ಯಾವಳೋ ನಾಯಿ ಮೇಯಿಸ್ತಾವ್ಳೆ!”

“ಅಯ್ಯೋ, ಅದು ಡಿಸೈನು ಅತ್ಗೆ. ಸುಮ್ನೆ ಚೆಂದಕ್ಕೆ…”

“ನಾನಿರೋದು ಚೆಂದಕ್ಕೆ ಅಡ್ಡಾನಾ? ಬದುಕಿರೋ ಮನೇನ ಬಯಲು ಮಾಡಿ ಬರೆದವ್ನೆ. ಹೊತ್ತು ಮುಳುಗೋ ಹೊತ್ತಲ್ಲಿ ಅಸ್ತು ದೇವತೆಗಳು ಅಸ್ತು ಅಂದ್ಬಿಟ್ರೆ ನನ್ ಗತಿ ಏನು?”

ಇನಾಯತ್ ಉಲ್ಲಾನ ಹುಡುಗರು ಅಷ್ಟರಲ್ಲಿ ಮೆಟ್ಟಿಲಿನ ಹೊರಗೋಡೆಗೆ ಗಾರೆ ಹೊಡೆಯಲು ಸಾರ್ವೆ ಕಟ್ಟುವ ಮರಗಳನ್ನು ಹೊತ್ತು ತಂದರು. ಆ ಗೋಡೆ ನಿಂತದ್ದು ಗಡಿಗೆರೆಯ ಮೇಲೆಯೇ. ಸಾರ್ವೆಯ ಕಾಲು ಊರಬೇಕಾದದ್ದು ಚಿಕ್ಕಮುನಿಯಮ್ಮನ ಅಂಗಳದಲ್ಲಿ. ಆಕೆ ಬಾಗಿಲಿಗೆ ಅಡ್ಡ ನಿಂತಳು.

“ಎಲ್ಲಿ ಊರ್ತೀರಪ್ಪಾ? ಪಟದಾಗೆ ನೋಡ್ಕಳಿ. ಇಲ್ಲಿ ಅಂಗಳ ಇಲ್ಲ, ಹುಲ್ಲೈತೆ. ಹುಲ್ಲು ತುಳೀಬ್ಯಾಡಿ.”

ಇನಾಯತ್ ಉಲ್ಲಾ ಟೋಪಿ ತೆಗೆದು ತಲೆ ಕೆರೆದುಕೊಂಡ. “ಬೈಲಪ್ಪ ಸಾಬ್, ನನ್ ಹುಡುಗ್ರು ಗಾಳಿ ಮೇಲೆ ನಿಂತು ಗಾರೆ ಹೊಡಿಯಲ್ಲ. ಗೃಹಪ್ರವೇಶದ್ದು ಕಾರ್ಡು ಆಮೇಲೆ ಅಚ್ಚು ಹಾಕ್ಸಿ.”

ಚಿಕ್ಕಮುನಿಯಮ್ಮ ಓದು ಕಲಿತವಳಲ್ಲ. ಆದರೆ ಪಕ್ಕದಲ್ಲಿ ನಿಂತಿದ್ದವರು ಓದಬಲ್ಲವರಾಗಿದ್ದರು. ಮೂಲೆಯ ಹೆಸರನ್ನು ಯಾರೋ ಗಟ್ಟಿಯಾಗಿ ಓದಿದರು.

ಆ ಸಂಜೆ ಶಿವಪುತ್ರ ಮನೆಗೆ ಬಂದಾಗ ರೇವತಿ ಒಲೆ ಹಚ್ಚಿರಲಿಲ್ಲ.

“ಬರ್ರಿ ಸಾಹೇಬ್ರ. ಎಲ್ಲಿಗಿ ಬಂದೀರಿ? ಇಲ್ಲಿ ಮನಿ ಎಲ್ಲಿ ಅದ?”

“ಏನಾತು?”

“ನನ್ನ ಸೀರೀನೂ ಬಿಟ್ಟಿಲ್ಲಲ್ಲ ನೀವು. ಮಂದಿ ಹೆಂಡ್ತಿಗಿ ಸೀರಿ ತಂದು ಕೊಡ್ತಾರ. ನಮ್ಮವ್ರು ತಂತಿ ಮ್ಯಾಲಿಂದು ಅಳಿಸ್ತಾರ.” ಅವಳು ದನಿ ತಗ್ಗಿಸಿದಳು. “ಅಜ್ಜಿ ತಿಂಗಳ ಕೊನೀಗೆ ಖಾಲಿ ಮಾಡ್ರಿ ಅಂದಾಳ. ಹನ್ನೊಂದು ದಿನ ಉಳಿದಾವ.”

ಶಿವಪುತ್ರ ಆರು ವರ್ಷದಲ್ಲಿ ಸಾವಿರ ಮನೆ ಅಳಿಸಿದ್ದ. ಅಳಿಸಿಕೊಂಡವರ ಬಾಗಿಲಲ್ಲಿ ಕೈಕಟ್ಟಿ ನಿಂತದ್ದು ಇದೇ ಮೊದಲು.

“ತಪ್ಪಾತು ಯವ್ವಾ. ಹೊಟ್ಟಿಪಾಡಿನ ಕೆಲಸ.”

“ನನ್ ನೆಳ್ಳಾಗೆ ಉಂಡು ನನ್ ಮನೇನೇ ನುಂಗ್ಬಿಟ್ಟೆಯಲ್ಲೋ,” ಎಂದಳು ಚಿಕ್ಕಮುನಿಯಮ್ಮ, ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸದೆ. “ಮಾತು ಬ್ಯಾಡ. ನನ್ನ ಮನೆ ವಾಪಸ್ ಬರ್ಲಿ. ಬರೋವರ್ಗೂ ಅವನಿಗೆ ಸಾರ್ವೆ ಇಲ್ಲ, ನಿಂಗೆ ರೂಮಿಲ್ಲ.”

ಇದೇನು ಮಹಾ ಎಂದುಕೊಂಡ ಶಿವಪುತ್ರ. ಅಳಿಸಿದವನಿಗೆ ಬರೆಯುವುದು ಕಷ್ಟವೇ? ಎರಡೇ ದಿನದಲ್ಲಿ ಹಳೆಯ ಫೋಟೋದಿಂದ ಮನೆಯನ್ನು ಇದ್ದ ಹಾಗೆಯೇ ಕತ್ತರಿಸಿ ತಂದು ಕೂರಿಸಿದ. ಗೋಡೆಯ ಬಿರುಕು, ಒಡೆದ ಹೆಂಚಿನ ಮೇಲೆ ಹೊದಿಸಿದ ನೀಲಿ ಟಾರ್ಪಾಲು, ಜಗಲಿಯ ಮೇಲಿನ ಮುರುಕು ಟಬ್ಬು, ಒಂದನ್ನೂ ಬಿಡಲಿಲ್ಲ. ಪ್ರಿಂಟು ತೋರಿಸಿದ.

“ಮೈದುನನ ಮನೆಗೆ ಬಣ್ಣ, ನನ್ ಮನೆಗೆ ಬಿರುಕಾ?” ಎಂದಳು ಆಕೆ. “ನಾಳೆ ನಿನ್ ಅಂಗಡಿಗೆ ನಾನೇ ಬತ್ತೀನಿ.”

ನಿಜವಾಗಿಯೂ ಬಂದಳು. ಬಸ್ಸಿನಲ್ಲಿ, ಎಲೆಅಡಿಕೆ ಚೀಲದ ಸಮೇತ. ಪಾತ್ರೆ ಅಂಗಡಿಯ ಮೇಲಿನ ಹದಿನೇಳು ಕಡಿದಾದ ಮೆಟ್ಟಿಲನ್ನು ಗೊಣಗುತ್ತ ಹತ್ತಿ, ಅಲ್ಲಾಡುವ ಕುರ್ಚಿಯಲ್ಲಿ ತಾನು ಕೂತು ಶಿವಪುತ್ರನನ್ನು ಸ್ಟೂಲಿಗೆ ಇಳಿಸಿದಳು. ಪರದೆಯ ಹತ್ತಿರ ಮುಖ ತಂದು ಮೊದಲು ನೋಡಿದ್ದು ತನ್ನ ಮನೆಯನ್ನಲ್ಲ, ಮೈದುನನ ಹಸಿರು ಗೋಡೆಯನ್ನು. ಐವತ್ತು ವರ್ಷ ಸೊಪ್ಪು ಬೆಳೆದು ರಸೆಲ್ ಮಾರ್ಕೆಟ್ಟಿಗೆ ಹೊತ್ತ ಕಣ್ಣು.

“ಇದ್ಯಾವ ಸೊಪ್ಪಪ್ಪಾ?”

“ಸೊಪ್ಪಲ್ಲ ಯವ್ವಾ. ಶೋ ಗಿಡ.”

“ಇದಕ್ಕೆ ರೋಗ ಬಡ್ದೈತೆ.”

“ಆಂ?”

“ನೋಡು. ಇಲ್ಲೊಂದು ಹಳದಿ ಎಲೆ, ಅದರ ಪಕ್ಕ ತೂತು. ಮ್ಯಾಲೆ ನೋಡು, ಅದೇ ಹಳದಿ, ಅದೇ ತೂತು. ಅದರ ಮ್ಯಾಲೂ ಅದೇ.” ಬೆರಳಿಟ್ಟು ಎಣಿಸಿದಳು. “ಹನ್ನೆರಡು. ಯಾವ ಹುಳನಪ್ಪಾ ಇದು, ಅಳತೆ ಹಿಡ್ಕಂಡು ತಿಂದೈತೆ?”

ಆರು ವರ್ಷದಿಂದ ಯಾವ ಇಂಜಿನಿಯರೂ ಹಿಡಿಯದ ಅಚ್ಚಿನ ಕಳ್ಳತನ. ಶಿವಪುತ್ರ ಕಿವಿಯವರೆಗೂ ಕೆಂಪಾದ.

ಅಲ್ಲಿಂದ ಶುರುವಾಯಿತು ಮನೆಯ ಪುನರುದ್ಧಾರ. ಟಾರ್ಪಾಲು ಹೋಗಲಿ. ಹೋಯಿತು. ಬಿರುಕಿಗೆ ಸುಣ್ಣ ಬಳಿ. ಬಳಿದ. ಜಗಲಿಗೆ ಕೆಮ್ಮಣ್ಣು ಸಾರಿಸು, ಅಂಚಿಗೆ ರಂಗೋಲಿ ಎಳೆ. ಎಳೆದ. ಹೆಂಚು ಹೊಸದು ಹೊದಿಸು. ನಾನೂರು ಹೆಂಚು ಮೂರು ಕ್ಲಿಕ್ಕಿನಲ್ಲಿ ಹೊದಿಸಿದ.

“ಅಷ್ಟು ಬೇಗನಾ?” ಆಕೆಗೆ ಸ್ವಲ್ಪ ಬೇಸರವಾಯಿತು. “ಇರ್ಲಿ. ಎಮ್ಮೆ ಕಟ್ಟು.”

ಸೀಡಿಯಲ್ಲಿ ಎಮ್ಮೆ ಇರಲಿಲ್ಲ. ಕಪ್ಪುಬಿಳುಪಿನ ಒಂದು ಸೀಮೆಹಸು ಇತ್ತು. ಅದನ್ನು ನೋಡಿ, “ಇದು ಗಂಗಲಕ್ಷ್ಮಮ್ಮನ ಮನೇದು ಕಣೋ, ಒದೀತಿತ್ತು,” ಎಂದು ತಳ್ಳಿಹಾಕಿದಳು. ಎಮ್ಮೆಯನ್ನು ನಾಳೆ ಫೋಟೋ ತೆಗೆದು ತರುವುದೆಂದಾಯಿತು.

“ಈಗ ಅವರನ್ನ ಕೂರ್ಸು.”

“ಯಾರನ್ನ ಯವ್ವಾ?”

“ಯಜಮಾನರನ್ನ. ಜಗಲಿ ಮ್ಯಾಲೆ. ಬೆಳಿಗ್ಗೆ ಹೊತ್ತು ಅಲ್ಲೇ ಕೂತಿರೋರು.” ಎಲೆಅಡಿಕೆ ಚೀಲದಿಂದ ಮತದಾರರ ಗುರುತಿನ ಚೀಟಿ ತೆಗೆದಳು. ಅದರಲ್ಲಿ ಉಗುರಿನಷ್ಟು ಒಂದು ಮುಖ, ಅಪರಾಧಿಯಂತೆ ನೋಡುತ್ತಿತ್ತು. ಏಳು ವರ್ಷದ ಹಿಂದೆ ತೀರಿಕೊಂಡ ಪಿಳ್ಳಪ್ಪ.

ಮುಖ ಸಿಕ್ಕಿತು, ದೇಹ ಎಲ್ಲಿಂದ ತರುವುದು? ಹದಿನಾಲ್ಕು ಬಿಳಿಯರಲ್ಲಿ ಕೂತಿದ್ದವನು ಒಬ್ಬನೇ, ಬೂದಿ ಬಣ್ಣದ ಸೂಟು, ಟೈ, ಮಿರುಗುವ ಬೂಟಿನ ಯಾವುದೋ ಬ್ಯಾಂಕಿನ ಗೃಹಸ್ಥ. ಶಿವಪುತ್ರ ಉಪಾಯ ಕಾಣದೆ ಅವನ ಕತ್ತಿನ ಮೇಲೆ ಪಿಳ್ಳಪ್ಪನ ತಲೆ ಇಟ್ಟು, ಕೈಯ ಬಣ್ಣ ಕಪ್ಪಾಗಿಸಿ, ಜಗಲಿಯ ಮೇಲೆ ಕೂರಿಸಿದ. ಆಮೇಲೆ ಬೈಗುಳಕ್ಕೆ ಬೆನ್ನು ಕೊಟ್ಟು ಕಾದ.

ಬೈಗುಳ ಬರಲಿಲ್ಲ. ಕೆಳಗೆ ಯಾರೋ ತಪ್ಪಲೆ ತಟ್ಟಿ ತಟ್ಟಿ ವ್ಯಾಪಾರ ಮಾಡುತ್ತಿದ್ದರು.

“ಮದುವೇಲಿ ಒಂದ್ಸಲ ಹಾಕಿದ್ರು,” ಎಂದಳು ಕೊನೆಗೆ. “ಬಾಡಿಗೆ ಕೋಟು. ತೋಳು ಗಿಡ್ಡ ಆಗಿತ್ತು. ಇದು ಸರಿಯಾಗೈತೆ.” ಸೆರಗಿನಿಂದ ಪರದೆಯ ಧೂಳು ಒರೆಸಿದಳು. “ಬೂಟು ಮಾತ್ರ ತೆಗ್ದುಬಿಡು. ಜಗಲಿ ಮ್ಯಾಲೆ ಬೂಟಾಕ್ಕಂಡು ಕೂರೋ ಮನುಷ್ಯ ಅಲ್ಲ.”

ಬೂಟು ತೆಗೆದು ಬರಿಗಾಲು ಬರೆದ. ಅಲ್ಲಿಗೆ ಅರ್ಧ ಯುದ್ಧ ಗೆದ್ದಂತಾಯಿತು. ಉಳಿದರ್ಧ ಮುಂದಿನ ದಿನ ಎದ್ದು ನಿಂತಿತು.

“ನನ್ನ ಪಟದಾಗೆ ಆ ಹಳೇ ಮನೇನಾ? ಸಾಧ್ಯ ಇಲ್ಲ!” ಎಂದ ಬೈಲಪ್ಪ. “ದುಡ್ಡು ಯಾರದ್ರೀ? ಫ್ಲೆಕ್ಸು ಯಾರದು? ನನ್ನ ಗೃಹಪ್ರವೇಶಕ್ಕೆ ನಮ್ಮ ಬೀಗರು ಬಂದು ಎಮ್ಮೆ ನೋಡ್ಬೇಕಾ?”

ತಿಂಗಳ ಕೊನೆಗೆ ಆರು ದಿನ. ಒಂದು ಕಡೆ ಸಾರ್ವೆ ಕೊಡದ ಅತ್ತಿಗೆ, ಇನ್ನೊಂದು ಕಡೆ ಎಮ್ಮೆ ಒಲ್ಲದ ಮೈದುನ. ನಡುವೆ ಶಿವಪುತ್ರ, ಬೈಲಪ್ಪನ ಮನೆಯಷ್ಟೇ ಇಕ್ಕಟ್ಟಾಗಿ. ರೇವತಿ ಮಾತು ಬಿಟ್ಟಿದ್ದಳು. ಬಟ್ಟೆ ಗಂಟು ಕಟ್ಟಲು ಹಗ್ಗ ತಂದು ಅವನಿಗೆ ಕಾಣುವಲ್ಲಿ ಇಟ್ಟಿದ್ದಳು.

ಅವನು ಹಲಸೂರಿಗೆ ಹೋಗಿ ಎರಡು ಚಿತ್ರವನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟ, ಯಾವುದರಲ್ಲಿ ಯಾವುದನ್ನು ಬಚ್ಚಿಡಬಹುದೆಂದು. ಟೀ ಕುಡಿಯುತ್ತ ನೋಡಿದ. ಲೋಟ ಕೆಳಗಿಟ್ಟ. ಹತ್ತಿರ ಹೋದ. ಹಿಂದೆ ಬಂದ. ಸ್ಕೇಲು ತೆಗೆದು ಗಾಜಿನ ಮೇಲೆಯೇ ಅಳೆದ. ಎರಡರಲ್ಲೂ ಬೈಲಪ್ಪನ ಮನೆ ಒಂದೇ ಅಳತೆ. ಆದರೆ ಬರೀ ಆಕಾಶದ ಮುಂದೆ ನಿಂತಾಗ ಅದು ಬೆಂಕಿಪೆಟ್ಟಿಗೆ. ಪಕ್ಕದಲ್ಲಿ ಗಿಡ್ಡ ಹೆಂಚಿನ ಮನೆ ಬಂದ ಕೂಡಲೇ ಗೋಪುರ. ಜಗಲಿಯ ಮೇಲೆ ಕೂತ ಪಿಳ್ಳಪ್ಪನ ತಲೆಯಿಂದ ಕಣ್ಣು ಹೊರಟರೆ ಮೆಟ್ಟಿಲು ಹತ್ತಿ ಹತ್ತಿ ಟೆರೇಸು ಮುಟ್ಟುವಷ್ಟರಲ್ಲಿ ಕತ್ತು ನೋಯುತ್ತಿತ್ತು. ಆರು ವರ್ಷ ಪಾಲಿಸಿದ ಮೊದಲನೇ ಸೂತ್ರ ಶುದ್ಧ ತಪ್ಪು! ಎತ್ತರಕ್ಕೆ ಬೇಕಾದದ್ದು ಆಕಾಶವಲ್ಲ, ಪಕ್ಕದಲ್ಲೊಂದು ಗಿಡ್ಡ. ಸಾವಿರ ಮನೆಗಳನ್ನು ವ್ಯರ್ಥವಾಗಿ ಕೊಂದಿದ್ದ.

ಬೈಲಪ್ಪನನ್ನು ಕರೆಸಿ ಎರಡನ್ನೂ ತೋರಿಸಿದ. ಬೈಲಪ್ಪ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಮೀಸೆಯಡಿ ನಗು ಹರಡಿತು.

“ಇದ್ರಾಗೆ ಒಂದು ಫ್ಲೋರ್ ಜಾಸ್ತಿ ಹಾಕಿದೀರಾ?”

“ಇಲ್ರಿ. ಅಷ್ಟೇ ಮೂರು. ಅತ್ತಿಗಿಯವ್ರ ಮನಿ ಪಕ್ಕ ಇಟ್ಟೀನಿ, ಅಷ್ಟ.”

“ಓಹೋ!” ಬೈಲಪ್ಪ ತೊಡೆ ತಟ್ಟಿದ. “ಕಲ್ಲಂಗಡಿ ಪಕ್ಕ ನಿಂಬೆಹಣ್ಣು ಮಡಗ್ದಂಗೆ! ಇರ್ಲಿ ಗುರು, ಇರ್ಲಿ. ಎಮ್ಮೇನೂ ಇರ್ಲಿ. ಎಮ್ಮೆ ಇನ್ನೊಂಚೂರು ಗಿಡ್ಡ ಮಾಡಕ್ಕಾಗ್ತದಾ?” ಆಮೇಲೆ ಬಾಗಿಲ ಕಡೆ ನೋಡಿ ದನಿ ಇಳಿಸಿದ. “ಈ ಲೆಕ್ಕಾಚಾರ ಅತ್ಗೆಗೆ ಮಾತ್ರ ಹೇಳ್ಬೇಡಿ.”

ತಿಂಗಳ ಕೊನೆಗೆ ಎರಡು ದಿನ ಇರುವಾಗ ಹೊಸ ಫ್ಲೆಕ್ಸ್ ಏರಿತು. ಈ ಸಲ ಹತ್ತಕ್ಕೆ ಹತ್ತಡಿ. ಎರಡು ಮನೆ ಹಿಡಿಯಬೇಕಲ್ಲ. ಬೀದಿಗೆ ಬೀದಿಯೇ ಸೇರಿತ್ತು. ಬೈಲಪ್ಪ ಒಂದು ಕಡೆ ಕೈ ಹಿಂದೆ ಕಟ್ಟಿ ನಿಂತು ತನ್ನ ಗೋಪುರ ನೋಡಿ ಹಿಗ್ಗುತ್ತಿದ್ದ. ಚಿಕ್ಕಮುನಿಯಮ್ಮ ಇನ್ನೊಂದು ಕಡೆ ಸೊಂಟದ ಮೇಲೆ ಕೈಯಿಟ್ಟು ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ ನೋಡಿದಳು. ರಂಗೋಲಿ ಇತ್ತು. ಎಮ್ಮೆ ಇತ್ತು. ಸೂಟಿನ ಪಿಳ್ಳಪ್ಪ ಬರಿಗಾಲಲ್ಲಿ ಕೂತು ಬೀದಿಯನ್ನು ಆಳುತ್ತಿದ್ದ.

ರೇವತಿ ನಾಲ್ಕು ಮಾರು ದೂರದಲ್ಲಿ, ಕೈಯಲ್ಲಿ ಹಿಟ್ಟು ಒಣಗುತ್ತಿದ್ದರೂ ತೊಳೆಯದೆ ನಿಂತಿದ್ದಳು.

“ಚೆನ್ನಾಗೈತೆ,” ಎಂದಳು ಚಿಕ್ಕಮುನಿಯಮ್ಮ. “ನಮ್ಮನೆ ಅಟ್ಟ ಹತ್ತಕ್ಕೆ ನಮ್ ಮೈದುನ ಒಂದು ಏಣಿ ತಂದು ಒರಗ್ಸಿದಂಗೈತೆ.”

ಬೈಲಪ್ಪ ಬಾಯಿ ತೆರೆದ. ಇನಾಯತ್ ಉಲ್ಲಾ ಅವನ ಕಾಲು ತುಳಿದ.

“ಸಾರ್ವೆ ಊರ್ಕಳಿ,” ಎಂದು ಆಕೆ ಕೈಬೀಸಿದಳು. “ತುಳಸಿಕಟ್ಟೆ ಬಿಟ್ಟು. ಆ ಗೋಡೆ ಮ್ಯಾಲೆ ನಿಂತಿರೋ ಹೊಲ ಐತಲ್ಲ, ಅದರ ಉಸ್ತುವಾರಿ ನಂದು. ಆ ರೋಗದ ಗಿಡ ನೆಟ್ಟೀಯಾ ಜೋಕೆ ಬೈಲಪ್ಪ.”

ಆಮೇಲೆ ಶಿವಪುತ್ರನ ಕಡೆ ತಿರುಗಿದಳು. ಇನ್ನೇನು ಬಿಡುಗಡೆ ಎಂದು ಅವನು ಉಸಿರು ಬಿಡುತ್ತಿದ್ದ.

“ನನ್ ಮನೆ ಬಂತು. ನಿನ್ನ ರೂಮೆಲ್ಲಿ?”

“ಯವ್ವಾ, ಅದು ಹಿಂದಗಡಿ… ಈ ಕಡಿಯಿಂದ ನೋಡಿದ್ರ ಕಾಣಂಗಿಲ್ರಿ.”

“ಕಾಣದಿದ್ರೆ ಇಲ್ಲ ಅಂತ ತಾನೇ ನಿಮ್ಮ ಶಾಸ್ತ್ರ? ಪಟದಾಗೆ ಇಲ್ಲದೋರಿಗೆ ರೂಮು ಹೆಂಗೆ ಕೊಡ್ಲಿ?”

ಬೀದಿ ಕಿಸಕ್ಕೆಂದಿತು. ಶಿವಪುತ್ರ ಮುಂದೆ ಸರಿದ. ಫ್ಲೆಕ್ಸಿನ ಹತ್ತಿರ ಹೋಗಿ, ಹೆಂಚಿನ ಮನೆಗೂ ಮೆಟ್ಟಿಲಿನ ಗೋಡೆಗೂ ನಡುವಿನ ಸಂದಿಯಲ್ಲಿ ಬೆರಳಿಟ್ಟ. ಅಲ್ಲಿ, ಅಂಗೈ ಅಗಲದಷ್ಟು ಜಾಗದಲ್ಲಿ, ಒಂದು ತಂತಿ. ತಂತಿಯ ಮೇಲೆ ಕೆಂಪು ಸೆರಗಿನ ಒಂದು ಇಳಕಲ್ ಸೀರೆ ಬಿಸಿಲಿಗೆ ಒಣಗುತ್ತಿತ್ತು. ಹಳೇ ಫೋಟೋದಿಂದ ಎಳೆ ಎಳೆಯಾಗಿ ಕತ್ತರಿಸಿ ತಂದದ್ದು. ಅಷ್ಟಕ್ಕೇ ಒಂದು ಮಧ್ಯಾಹ್ನ ಹಿಡಿದಿತ್ತು.

ಚಿಕ್ಕಮುನಿಯಮ್ಮ ಬಗ್ಗಿ ನೋಡಿದಳು. “ಹ್ಞೂಂ. ಬಾಡಿಗೆಯೋರು ಅವ್ರೆ,” ಎಂದು ತೀರ್ಪು ಕೊಟ್ಟು, ಜಗಲಿ ಮೇಲಿಟ್ಟಿದ್ದ ಬಿಂದಿಗೆ ಎತ್ತಿಕೊಂಡು ಒಳಗೆ ಹೋದಳು.

ರೇವತಿ ಹತ್ತಿರ ಬಂದು ಬಹಳ ಹೊತ್ತು ನೋಡಿದಳು. ಮೂಗಿನ ಮೇಲಿನ ಹಿಟ್ಟು ಒರೆಸಿಕೊಂಡಳು.

“ಹೆಂಗದ?” ಎಂದ ಶಿವಪುತ್ರ, ಮೆಲ್ಲಗೆ.

“ಹಿಂಗ ನಡುಹಗಲ ಬಿಸಲಾಗ ಬಿಟ್ರ ಬಣ್ಣ ಉಳೀತದೇನ್ರಿ?”

ಅವಳು ಹೇಳಿದ್ದೇ ಆಯಿತು, ಆದರೆ ಸ್ವಲ್ಪ ತಡವಾಗಿ. ಗೃಹಪ್ರವೇಶ ಮುಗಿಯಿತು, ನರ್ಸರಿಯಿಂದ ತಂದ ಶೋ ಗಿಡಗಳು ಎರಡನೇ ತಿಂಗಳಿಗೆ ಹನಿ ಪೈಪಿನ ತೂತು ಕಟ್ಟಿ ಒಣಗಿದವು. ಖಾಲಿಯಾದ ಕುಂಡಗಳಲ್ಲಿ ತನ್ನ ಸೊಪ್ಪು ನೆಟ್ಟ ಚಿಕ್ಕಮುನಿಯಮ್ಮ ಬೇಸಿಗೆಯ ಹೊತ್ತಿಗೆ ದಿನಾ ಬೆಳಿಗ್ಗೆ ಮೈದುನನ ಮನೆಯ ಮೆಟ್ಟಿಲನ್ನು ತನ್ನದೇ ಎಂಬಂತೆ ಹತ್ತಿ, ಒಂದನೇ ಮಹಡಿಯಲ್ಲಿ ನಿಂತು ಕೈಚಾಚಿ ಪುದೀನ, ಎರಡನೆಯದರಲ್ಲಿ ದೊಡ್ಡಪತ್ರೆ, ಟೆರೇಸಿನ ಅಂಚಿನಿಂದ ಬಸಳೆ ಕೊಯ್ಯತೊಡಗಿದ್ದಳು. ಬಸಳೆ ಕೆಳಕ್ಕೆ ಇಳಿಬಿದ್ದು ಬೈಲಪ್ಪನ ನಿಂತ ಗೆರೆಗಳ ಕಿಟಕಿಯಲ್ಲಿ ಎರಡನ್ನು ಮುಚ್ಚಿತ್ತು. ಬೈಲಪ್ಪ ದೂರಲಿಲ್ಲ, ಬಸಳೆ ಹುಳಿ ಅವನಿಗೂ ಒಂದು ಪಾತ್ರೆ ಹೋಗುತ್ತಿತ್ತು.

ಫ್ಲೆಕ್ಸನ್ನು ಇಳಿಸಿ ಅಜ್ಜಿ ರೇವತಿಯ ಒಲೆಯ ಮೇಲೆ ಚಪ್ಪರಕ್ಕೆ ಹೊದಿಸಿದಳು. ಬಿಸಿಲಿಗೆ ಮೊದಲು ಹೋದದ್ದು ಕೆಂಪು. ರೊಟ್ಟಿ ತಿನ್ನಲು ಬಂದವರು ತಲೆ ಎತ್ತಿದರೆ ಗೋಪುರ ಇನ್ನೂ ಕಾಣುತ್ತಿತ್ತು, ಬರಿಗಾಲಿನ ಪಿಳ್ಳಪ್ಪನೂ ಮಸುಕಾಗಿ ಕಾಣುತ್ತಿದ್ದ. ಸೀರೆ ಮಾತ್ರ ಬೆಳ್ಳಗಾಗಿತ್ತು.

“ಹೇಳಿದ್ನಿಲ್ಲ?” ಎನ್ನುತ್ತಿದ್ದಳು ರೇವತಿ, ರೊಟ್ಟಿ ಮಗುಚುತ್ತ. “ಹೊಸಾದು ತರಬೇಕಾಗ್ತದ. ಕಂಪ್ಯೂಟರಿನ್ಯಾಗಲ್ಲ.”